ಮಧ್ಯಾಹ್ನದ ಖಾಲಿ ಮೇಜುಗಳೂ ಶೇ. 25ರ ಬೋರ್ಡೂ

"ದೊಡ್ಡಪ್ಪ, ಕೆಫೆಯಲ್ಲಿ ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ಜನವೇ ಇರುವುದಿಲ್ಲ. ಆ ಹೊತ್ತಿಗೆ ಮಾತ್ರ ಎಲ್ಲದರ ಮೇಲೂ ಶೇ. 25 ರಿಯಾಯಿತಿ ಎಂದು ಬಾಗಿಲಲ್ಲಿ ಬೋರ್ಡ್ ಹಾಕಲೇ? ಹಾಕಿದರೆ ಕೆಫೆಯ ಹೆಸರು ಅಗ್ಗವಾಗಿಬಿಡುತ್ತದೇನೋ ಎಂಬ ಹೆದರಿಕೆಯೂ ಇದೆ."

ಮಗಳೇ, ಬೋರ್ಡ್ ಬರೆಯಲು ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸು. ಇಷ್ಟನ್ನೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಆದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಗುಂಪಿನಲ್ಲಿರುವ ಉಳಿದವರು ಬೇಸರಿಸಬಾರದು.

ಹೋದ ತಿಂಗಳು ಮೈಸೂರಿಗೆ ಬಂದಿದ್ದಾಗ ನೀನು ತೋರಿಸಿದ ಲೆಕ್ಕವನ್ನೇ ಇಟ್ಟುಕೊಂಡು ನೋಡೋಣ. ಜಿಎಸ್‌ಟಿ ಬಿಟ್ಟು ನಿನ್ನ ಕ್ಯಾಪುಚಿನೋ ಬೆಲೆ 160 ರೂಪಾಯಿ. ಕಾಫಿ ಬೀಜ, ಹಾಲು, ಸಕ್ಕರೆ, ಟಿಶ್ಯೂ ಎಲ್ಲ ಸೇರಿ ಒಂದು ಕಪ್ಪಿಗೆ ಸುಮಾರು 40 ರೂಪಾಯಿ ಹೋಗುತ್ತದೆ. ಬಾಡಿಗೆ, ಹುಡುಗರ ಸಂಬಳ, ಮೆಷಿನ್ ಬಿಸಿಯಾಗಿರಲು ಬೇಕಾಗುವ ಕರೆಂಟು ಇವೆಲ್ಲ ಜನ ಬಂದರೂ ಬಾರದಿದ್ದರೂ ಹೋಗುವ ಖರ್ಚುಗಳಾದ್ದರಿಂದ ಅವನ್ನು ಈ ಲೆಕ್ಕಕ್ಕೆ ತರಬೇಡ. ಅಂದರೆ ಕಪ್ಪೊಂದಕ್ಕೆ 120 ರೂಪಾಯಿ ಉಳಿಯುತ್ತದೆ. ಶೇ. 25 ಕಡಿಮೆ ಮಾಡಿದೆ ಎಂದುಕೊ, ಬೆಲೆ 120ಕ್ಕೆ ಇಳಿಯುತ್ತದೆ, ಆದರೆ ಹಾಲಿನವನೂ ಬೀಜದವನೂ ನಿನಗಾಗಿ ಏನನ್ನೂ ಇಳಿಸುವುದಿಲ್ಲ, ಉಳಿಯುವುದು 80. ಗಿರಾಕಿಗೆ ಕಾಲು ಭಾಗ ಬಿಟ್ಟುಕೊಟ್ಟಾಗ ನಿನ್ನ ಕೈಯಿಂದ ಹೋಗುವುದು ಮೂರರಲ್ಲಿ ಒಂದು ಭಾಗ.

ಈಗ ಜನರ ಲೆಕ್ಕ. ಆ ಎರಡೂವರೆ ಗಂಟೆಯಲ್ಲಿ ದಿನಕ್ಕೆ ಹನ್ನೆರಡು ಕಪ್ಪು ಹೋಗುತ್ತದೆ ಎಂದು ನೀನೇ ಹೇಳಿದ್ದೆ; ಅದರಲ್ಲಿ ಉಳಿಯುವುದು 1,440 ರೂಪಾಯಿ. ಬೋರ್ಡ್ ಹಾಕಿದ ಮೇಲೆ ಆ ಹನ್ನೆರಡು ಜನರಿಗೂ ರಿಯಾಯಿತಿ ಸಿಗುತ್ತದೆ, ಏಕೆಂದರೆ ಪೂರ್ತಿ ಬೆಲೆ ಕೊಡಲು ಸಿದ್ಧವಾಗಿ ಬಂದವರನ್ನು ಗುರುತು ಹಿಡಿದು ಬೇರೆ ಮಾಡಲು ಆಗುವುದಿಲ್ಲ. ಅವರಿಂದ ಉಳಿಯುವುದು 960ಕ್ಕೆ ಇಳಿಯಿತು. ಇದರ ಜೊತೆಗೆ ಸಂಜೆ ಐದೂವರೆಗೆ ಬರುತ್ತಿದ್ದವರಲ್ಲಿ ನಾಲ್ಕು ಜನ ನಾಲ್ಕೂವರೆಗೇ ಬಂದು ಕುಳಿತರೆ, ತಲೆಗೆ 40ರಂತೆ ಇನ್ನೂ 160 ಹೋಯಿತು. ಈ ಎರಡೂ ನಷ್ಟವನ್ನು ತುಂಬಿಕೊಳ್ಳಲು, ಇದುವರೆಗೆ ನಿನ್ನ ಬಾಗಿಲು ತುಳಿಯದ ಎಂಟು ಹೊಸಬರು ಪ್ರತಿದಿನ ಬರಬೇಕು. ಬಂದರೆಂದೇ ಇಟ್ಟುಕೊಳ್ಳೋಣ. ಹನ್ನೆರಡು, ನಾಲ್ಕು, ಎಂಟು, ಒಟ್ಟು ಇಪ್ಪತ್ತನಾಲ್ಕು ಕಪ್ಪು. ಮಧ್ಯಾಹ್ನದ ಜನ ಎರಡರಷ್ಟಾಗಿದ್ದಾರೆ, ಹುಡುಗರು ಓಡಾಡಿ ಸುಸ್ತಾಗಿದ್ದಾರೆ, ನೀನು ಖುಷಿಯಾಗಿದ್ದೀಯೆ; ದಿನದ ಕೊನೆಗೆ ಉಳಿದ ಹಣ ಮಾತ್ರ ಮೊದಲಿದ್ದಷ್ಟೇ, ಒಂದು ರೂಪಾಯಿಯೂ ಹೆಚ್ಚಿಲ್ಲ. ತುಂಬಿದ ಮೇಜುಗಳು ಕಣ್ಣಿಗೆ ಕಾಣುತ್ತವೆ, ಈ ಲೆಕ್ಕ ಕಾಣುವುದಿಲ್ಲ. ಎಷ್ಟೋ ಜನ ಇಂಥ ಬೋರ್ಡನ್ನು ವರ್ಷಗಟ್ಟಲೆ ತೆಗೆಯದಿರುವುದು ಇದೇ ಕಾರಣಕ್ಕೆ.

ಹೆಸರು ಅಗ್ಗವಾಗುವ ವಿಷಯಕ್ಕೆ ನನ್ನದೇ ಹಳೆಯ ಪೆಟ್ಟೊಂದನ್ನು ಹೇಳಬೇಕು. ಬೆಂಗಳೂರಿನಲ್ಲಿ ನಾನು ಹೋಟೆಲ್ ನಡೆಸುತ್ತಿದ್ದ ಕಾಲದಲ್ಲಿ, ಮಧ್ಯಾಹ್ನ ಮೂರರಿಂದ ಐದರವರೆಗೆ ದೋಸೆ ಅರ್ಧ ಬೆಲೆಗೆ ಎಂದು ಹಲಗೆ ಬರೆಸಿ ತೂಗುಹಾಕಿದ್ದೆ. ದಿನವೂ ಮೂರು ಗಂಟೆಗೆ ಬಂದು ಅದೇ ಮೂಲೆಯ ಮೇಜಿನಲ್ಲಿ ಪೇಪರ್ ಓದುತ್ತಾ ಒಂದು ಖಾಲಿ ದೋಸೆ ತಿನ್ನುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರು ಬಿಲ್ಲು ನೋಡಿ, ಕನ್ನಡಕ ತೆಗೆದು, "ಹಾಗಾದರೆ ಇಷ್ಟು ವರ್ಷ ನನ್ನಿಂದ ಎರಡರಷ್ಟು ತೆಗೆದುಕೊಂಡಿರಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಐದು ಗಂಟೆ ಹತ್ತು ನಿಮಿಷಕ್ಕೆ ಬಂದವರ ಜೊತೆ ಗಲ್ಲೆಯಲ್ಲಿ ದಿನವೂ ವಾದ. ಮೂರು ತಿಂಗಳಾದ ಮೇಲೆ ಹಲಗೆ ಇಳಿಸಿದಾಗ, ರಿಯಾಯಿತಿ ನಿಂತಿತು ಎಂದು ಯಾರೂ ಹೇಳಲಿಲ್ಲ, ದೋಸೆಯ ಬೆಲೆ ಎರಡರಷ್ಟು ಮಾಡಿದ್ದಾರೆ ಎಂದರು. ಜನ ಪದಾರ್ಥವೊಂದಕ್ಕೆ ಮನಸ್ಸಿನಲ್ಲಿ ಒಂದೇ ಬೆಲೆ ಇಟ್ಟುಕೊಳ್ಳುತ್ತಾರೆ. ಅದೇ ಪದಾರ್ಥವನ್ನು ಅದಕ್ಕಿಂತ ಕಡಿಮೆಗೆ ಕೆಲವು ವಾರ ಕೊಟ್ಟರೆ ಆ ಕಡಿಮೆ ಬೆಲೆಯೇ ನಿಜವಾದ ಬೆಲೆಯಾಗಿ ಕುಳಿತುಬಿಡುತ್ತದೆ, ನಿನ್ನ 160 ಏರಿಸಿದ ಬೆಲೆಯಂತೆ ಕಾಣಲು ಶುರುವಾಗುತ್ತದೆ.

ಆದ್ದರಿಂದ ಕಾಫಿಯ ಬೆಲೆಯನ್ನು ಮುಟ್ಟಲೇಬೇಡ, ಕಾಫಿಯ ಪಕ್ಕದಲ್ಲಿ ಏನಾದರೂ ಇಡು. ಜಪಾನಿನ ನಗೋಯಾ ಕಡೆಯ ಕಾಫಿ ಅಂಗಡಿಗಳಲ್ಲಿ 'ಮಾರ್ನಿಂಗ್' ಎಂಬ ಪದ್ಧತಿಯೇ ಇದೆ: ಬೆಳಿಗ್ಗೆಯ ಹೊತ್ತು ಕಾಫಿಗೆ ಎಂದಿನ ಬೆಲೆಯನ್ನೇ ಕೊಡಬೇಕು, ಅದರ ಜೊತೆಗೆ ಟೋಸ್ಟು, ಬೇಯಿಸಿದ ಮೊಟ್ಟೆ ಬರುತ್ತವೆ. ಆ ಊರಿನಿಂದಲೇ ಬೆಳೆದ ಕೊಮೆಡಾ ಎಂಬ ಸರಪಳಿ ಅಂಗಡಿಗಳಲ್ಲಿ ಬೆಳಿಗ್ಗೆ ಹನ್ನೊಂದರವರೆಗೆ ಇದು ನಡೆಯುತ್ತದೆ. ಅಲ್ಲಿ ಯಾರೂ ಇದನ್ನು ಅಗ್ಗದ ವ್ಯಾಪಾರ ಎನ್ನುವುದಿಲ್ಲ, ಊರಿನ ಹೆಮ್ಮೆ ಎನ್ನುತ್ತಾರೆ. ಕಾಫಿಯ ಬೆಲೆ ಯಾರ ಕಣ್ಣಿನಲ್ಲೂ ಇಳಿದಿಲ್ಲ, ಕೊಟ್ಟದ್ದು ಹೆಚ್ಚಾಗಿದೆ, ಅಷ್ಟೇ.

ನಿನಗೆ ಪುಕ್ಕಟೆ ಕೊಡುವ ಅಗತ್ಯವೂ ಇಲ್ಲ. ನಿನ್ನ ಬಾಳೆಹಣ್ಣಿನ ಕೇಕಿನ ತುಂಡು 90 ರೂಪಾಯಿ, ಅದರ ಅಸಲು ಸುಮಾರು 30. ಕಾಫಿ, ಕೇಕು ಬೇರೆ ಬೇರೆ ತೆಗೆದುಕೊಂಡರೆ 250 ಆಗುತ್ತದೆ. ಎರಡನ್ನೂ ಒಂದು ಚೆಂದದ ತಟ್ಟೆಯಲ್ಲಿಟ್ಟು 199ಕ್ಕೆ ಕೊಟ್ಟೆ ಎಂದುಕೊ. ಅಸಲು 70 ಕಳೆದರೆ 129 ಉಳಿಯುತ್ತದೆ. ಬರೀ ಕಾಫಿ ಕುಡಿದು ಹೋಗುತ್ತಿದ್ದವನು ಈ ತಟ್ಟೆ ತೆಗೆದುಕೊಂಡರೆ ನಿನಗೆ 120ರ ಬದಲು 129 ಸಿಗುತ್ತದೆ. ಅವನಿಗೆ ರಿಯಾಯಿತಿ ಸಿಕ್ಕಿದೆ, ನಿನಗೆ ನಷ್ಟವಾಗಿಲ್ಲ. ನಷ್ಟವಾಗುವುದು ಮೊದಲಿನಿಂದಲೂ ಎರಡನ್ನೂ ಪೂರ್ತಿ ಬೆಲೆಗೆ ಕೊಳ್ಳುತ್ತಿದ್ದವರಿಂದ ಮಾತ್ರ, ಅಲ್ಲಿ ತಲೆಗೆ 51 ರೂಪಾಯಿ ಹೋಗುತ್ತದೆ. ಹನ್ನೆರಡರಲ್ಲಿ ಅಂಥವರು ಇಬ್ಬರಿದ್ದಾರೆ, ಬರೀ ಕಾಫಿಯವರಲ್ಲಿ ಐದು ಜನ ತಟ್ಟೆಗೆ ಬದಲಾದರು ಎಂದಿಟ್ಟುಕೊಂಡರೆ, 102 ಹೋಗಿ 45 ಬಂದು, ನಿವ್ವಳ ನಷ್ಟ 57. ಒಬ್ಬನೇ ಒಬ್ಬ ಹೊಸಬ ಬಂದು ತಟ್ಟೆ ತೆಗೆದುಕೊಂಡರೆ ಅದು ತೀರಿ ಮೇಲೆ ಉಳಿಯುತ್ತದೆ. ಸಂಜೆಯವರು ಮುಂಚೆ ಬಂದರೂ, ಅವರು ಬರೀ ಕಾಫಿಯವರಾಗಿದ್ದರೆ ಚಿಂತೆಯಿಲ್ಲ. ಬೋರ್ಡಿನ ದಾರಿಯಲ್ಲಿ ದಿನಕ್ಕೆ ಎಂಟು ಹೊಸಬರು ಬೇಕಿತ್ತು ಎಂಬುದನ್ನು ನೆನಪಿಡು. ಆದರೆ ಎರಡನ್ನೂ ಕೊಳ್ಳುವವರು ಹನ್ನೆರಡರಲ್ಲಿ ಏಳೆಂಟು ಜನರಿದ್ದರೆ ನನ್ನ ಮಾತು ಬಿದ್ದುಹೋಗುತ್ತದೆ, ಆದ್ದರಿಂದ ಮೊದಲು ಹಳೆಯ ಬಿಲ್ಲುಗಳನ್ನು ತೆಗೆದು ನೋಡು.

ಇನ್ನೂ ಒಳ್ಳೆಯದೆಂದರೆ, ತಟ್ಟೆಯಲ್ಲಿ ಬೇರೆ ಹೊತ್ತಿನಲ್ಲಿ ಸಿಗದ ಒಂದು ವಸ್ತು ಇರಲಿ. ದೊಡ್ಡಮ್ಮ ಕಲಿಸಿದ ಪುಟ್ಟ ನಿಪ್ಪಟ್ಟು ಎರಡು ಇಟ್ಟರೂ ಸಾಕು. ಮೆನುವಿನಲ್ಲಿ ಅದಕ್ಕೆ ಬೇರೆ ಬೆಲೆಯೇ ಇಲ್ಲದಿರುವುದರಿಂದ ಹೋಲಿಸಿ ನೋಡಲು ಯಾರಿಗೂ ಏನೂ ಸಿಗುವುದಿಲ್ಲ. ಹೆಸರು 'ಮಧ್ಯಾಹ್ನದ ತಟ್ಟೆ' ಎಂದಿರಲಿ. ಶೇಕಡಾ ಚಿಹ್ನೆ, ಕೆಂಪು ಅಕ್ಷರ, ಅಡ್ಡಗೆರೆ ಎಳೆದ ಹಳೆಯ ಬೆಲೆ ಇವ್ಯಾವುವೂ ಬೇಡ. ಬೀದಿಗೆ ಕಾಣುವಂತೆ ಬಾಗಿಲಲ್ಲೂ ಹಾಕಬೇಡ, ಮೇಜಿನ ಮೇಲೊಂದು ಸಣ್ಣ ಕಾರ್ಡ್ ಇಡು, ವಾಟ್ಸಾಪ್ ಸ್ಟೇಟಸ್‌ನಲ್ಲಿ ಚಿತ್ರ ಹಾಕು. ಕುಳಿತು ತಿನ್ನುವವರಿಗೆ ಮಾತ್ರ ಎಂದಿರಲಿ. ಡೆಲಿವರಿ ಆ್ಯಪ್‌ಗಳಲ್ಲಿ ಇದನ್ನು ಏರಿಸಿದರೆ ಅವರ ಕಮಿಷನ್ನೂ ಸೇರಿ ಆ 129ರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ, ಖಾಲಿ ಮೇಜು ಖಾಲಿಯಾಗಿಯೇ ಇರುತ್ತದೆ.

ಸಮಯವನ್ನು ಐದರವರೆಗೆ ಎಳೆಯಬೇಡ. ತಟ್ಟೆ ತೆಗೆದುಕೊಂಡವರು ಮುಕ್ಕಾಲು ಗಂಟೆಯಾದರೂ ಕುಳಿತಿರುತ್ತಾರೆ, ಲ್ಯಾಪ್‌ಟಾಪ್ ತಂದವರು ಇನ್ನೂ ಹೆಚ್ಚು. ಐದಕ್ಕೆ ಆರ್ಡರ್ ತೆಗೆದುಕೊಂಡರೆ ಐದೂವರೆಗೆ ಬರುವ, ಪೂರ್ತಿ ಬೆಲೆ ಕೊಡುವ ಸಂಸಾರ ನಿಂತು ಕಾಯಬೇಕಾಗುತ್ತದೆ. ಎರಡೂವರೆಯಿಂದ ನಾಲ್ಕೂಕಾಲಿಗೆ ಮುಗಿಸು. ನಾಲ್ಕು ಇಪ್ಪತ್ತಕ್ಕೆ ಬಂದು ಕೇಳಿದವರಿಗೆ ಕೊಟ್ಟುಬಿಡು ಎಂದು ಹುಡುಗರಿಗೆ ಹೇಳಿರು. ಐದು ನಿಮಿಷಕ್ಕಾಗಿ ಗಲ್ಲೆಯಲ್ಲಿ ವಾದ ಮಾಡಿದ್ದರ ಫಲವನ್ನು ನಾನು ಉಂಡಿದ್ದೇನೆ. ನಿನ್ನ ಬೀದಿಯ ಶಾಲೆ ಮೂರೂವರೆಗೆ ಬಿಡುತ್ತದೆ ಎಂದಿದ್ದೆಯಲ್ಲ, ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಅರ್ಧ ಗಂಟೆ ಮೊದಲೇ ಕಾಯುವ ತಾಯಂದಿರೇ ನಿನ್ನ ಹೊಸಬರು. ಆಫೀಸಿನವರಿಗಾಗಿ ಕಾಯಬೇಡ, ಮೂರು ಗಂಟೆಗೆ ಅವರು ಬಾರದಿರುವುದು ಬೆಲೆಯ ಕಾರಣಕ್ಕಲ್ಲ. ಅರ್ಧ ಬೆಲೆ ಮಾಡಿದರೂ ಅವರಿಗೆ ರಜೆ ಸಿಗುವುದಿಲ್ಲ.

ಇದೇ ಹೊತ್ತಿನಲ್ಲಿ ಸಂಜೆಯ ಬೆಲೆ ಏರಿಸುವ ಯೋಚನೆಯಿದ್ದರೆ ಅದನ್ನು ಬಿಡು. 2024ರ ಫೆಬ್ರವರಿಯಲ್ಲಿ ಅಮೆರಿಕದ ವೆಂಡೀಸ್ ಎಂಬ ಬರ್ಗರ್ ಕಂಪನಿಯ ಮುಖ್ಯಸ್ಥರು ಹೊತ್ತಿಗೆ ತಕ್ಕಂತೆ ಬೆಲೆ ಬದಲಿಸುವುದನ್ನು ಪ್ರಯೋಗ ಮಾಡುತ್ತೇವೆ ಎಂದು ಹೇಳಿದ್ದೇ ತಡ, ಜನಸಂದಣಿಯ ಹೊತ್ತಿನಲ್ಲಿ ಬೆಲೆ ಏರಿಸುತ್ತಾರೆ ಎಂದು ಗಲಾಟೆ ಎದ್ದಿತು. ಹಾಗಲ್ಲ, ಜನ ಕಡಿಮೆಯಿರುವಾಗ ರಿಯಾಯಿತಿ ಕೊಡಲು ಎಂದು ಕಂಪನಿ ಸಮಜಾಯಿಷಿ ಕೊಡಬೇಕಾಯಿತು.

ಮೊದಲು ನಾಲ್ಕು ವಾರ, ಮಂಗಳವಾರ, ಬುಧವಾರ, ಗುರುವಾರ ಮಾತ್ರ ಮಾಡಿ ನೋಡು. ದಸರಾ ವಾರಗಳನ್ನಾಗಲಿ ಶಾಲೆಯ ರಜೆಯನ್ನಾಗಲಿ ಇದರೊಳಗೆ ಸೇರಿಸಬೇಡ, ಆಗ ಜನ ಏಕೆ ಬಂದರು, ಏಕೆ ಬರಲಿಲ್ಲ ಎಂಬುದೇ ತಿಳಿಯುವುದಿಲ್ಲ. ಬಿಲ್ಲಿಂಗ್ ಮೆಷಿನ್‌ನಲ್ಲಿ ಗಂಟೆಗಂಟೆಯ ವರದಿ ಬರುತ್ತದೆ. ಮಧ್ಯಾಹ್ನದ ಅಂಕಿಗಿಂತ ಸಂಜೆ ಐದರಿಂದ ಏಳರ ಅಂಕಿಯನ್ನೇ ಹೆಚ್ಚು ಗಮನಿಸು. ಮಧ್ಯಾಹ್ನ ಆರು ಬಿಲ್ಲು ಹೆಚ್ಚಾಗಿ ಸಂಜೆ ಐದು ಬಿಲ್ಲು ಕಡಿಮೆಯಾದರೆ, ಅದೇ ಜನ ಕುರ್ಚಿ ಬದಲಿಸಿ ಕುಳಿತಿದ್ದಾರೆ ಎಂದೇ ಅರ್ಥ. ನಾಲ್ಕು ವಾರವಾದರೂ ದಿನಕ್ಕೆ ಎರಡು ಮೂರು ಹೊಸ ಮುಖ ಕಾಣದಿದ್ದರೆ ತಟ್ಟೆಯನ್ನು ಸದ್ದಿಲ್ಲದೆ ನಿಲ್ಲಿಸಿ, ಆ ಹೊತ್ತಿನಲ್ಲಿ ಒಬ್ಬ ಹುಡುಗನನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಸಂಜೆಗೆ ಕರೆ. ಬಾಗಿಲು ಹಾಕಿದರೂ ಮಾನ ಹೋಗುವುದಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಇವತ್ತಿಗೂ ನಡುಮಧ್ಯಾಹ್ನ ಬಾಗಿಲು ಹಾಕುತ್ತದೆ, ಮತ್ತೆ ತೆರೆಯುವುದನ್ನು ಜನ ಹೊರಗೆ ನಿಂತು ಕಾಯುತ್ತಾರೆ.

ಹಿಂದಿನ ಎರಡು ವಾರದ ಮಧ್ಯಾಹ್ನದ ಬಿಲ್ಲುಗಳ ಫೋಟೋ ತೆಗೆದು ನನ್ನ ನಂಬರಿಗೆ ಕಳುಹಿಸು, ಈ ಗುಂಪಿಗೆ ಬೇಡ. ಕಾಫಿ, ಕೇಕು ಎರಡನ್ನೂ ಕೊಂಡವರು ಎಷ್ಟು ಜನ ಎಂದು ಭಾನುವಾರ ಕುಳಿತು ಎಣಿಸೋಣ. ತಟ್ಟೆಯ ಬೆಲೆ 199 ಇರಬೇಕೋ 210 ಇರಬೇಕೋ ಎಂಬುದು ಆಮೇಲಿನ ಮಾತು.