ಪದಚರ್ಚೆ: ‘ಸರಾಸರಿ ಸಂಬಳ’ ಎನ್ನುವುದೋ, ‘ಮಧ್ಯಾಂಕ’ ಎನ್ನುವುದೋ?

ಬಲ್ಲವರಿಗೆ ನಮಸ್ಕಾರ. ಮೈಸೂರಿನ ಒಂದು ಸಣ್ಣ ಕಂಪನಿಯ ಜಾಹೀರಾತಿನ ಕನ್ನಡವನ್ನು ತಿದ್ದುತ್ತಿದ್ದೇನೆ. ‘ನಮ್ಮಲ್ಲಿ ಸರಾಸರಿ ಸಂಬಳ 60,000 ರೂಪಾಯಿ’ ಎಂದಿದೆ. ಅನುಮಾನ ಬಂದು ಸಂಬಳದ ಪಟ್ಟಿ ಕೇಳಿದೆ. ಎಂಟು ನೌಕರರಿಗೆ 14, 15, 16, 18, 20, 22, 25, 30 ಸಾವಿರ. ಮಾಲೀಕರು ತಮಗೆ ಬರೆದುಕೊಂಡಿರುವುದು 3 ಲಕ್ಷ 80 ಸಾವಿರ. ಒಟ್ಟು 5 ಲಕ್ಷ 40 ಸಾವಿರವನ್ನು ಒಂಬತ್ತರಿಂದ ಭಾಗಿಸಿದರೆ 60 ಸಾವಿರವೇ ಬರುತ್ತದೆ. ಲೆಕ್ಕ ಸರಿ, ಆದರೆ ಆ ಮೊತ್ತದ ಹತ್ತಿರಕ್ಕೂ ಯಾವ ನೌಕರನೂ ಬರುವುದಿಲ್ಲ. ‘ಸರಾಸರಿ’ ಎಂದ ಕೂಡಲೇ ನಮ್ಮ ಓದುಗರು ‘ಸಾಮಾನ್ಯವಾಗಿ ಸಿಗುವಷ್ಟು’ ಎಂದುಕೊಳ್ಳುತ್ತಾರೆ. ಶಾಲೆಯ ಗಣಿತದ ‘ಮಧ್ಯಾಂಕ’ ಇಲ್ಲಿ ಹೊಂದುತ್ತದೆಯೇ? ಮಾಲೀಕರ ಸಂಬಳದಂಥ ಅಂಕಿಯನ್ನು ‘ಹೊರಗುಳಿದ ಅಂಕಿ’ ಎನ್ನಬಹುದೇ?

ಮೈಸೂರಿನಿಂದಲೇ ಮತ್ತೊಬ್ಬರು:
ಪದವೇ ಹೇಳುತ್ತದಲ್ಲ, ಮಧ್ಯದ ಅಂಕಿ. ಅತಿ ಕಡಿಮೆ 14, ಅತಿ ಹೆಚ್ಚು 380. ಇವೆರಡರ ನಡು 197 ಸಾವಿರ. ಇದು ಸರಾಸರಿಗಿಂತ ದೊಡ್ಡ ಸುಳ್ಳಾಯಿತು!

ಮಂಡ್ಯದ ನಿವೃತ್ತ ಗಣಿತ ಮೇಷ್ಟರು:
ಅಂಕಿಗಳ ನಡುವಲ್ಲ ಸ್ವಾಮಿ, ಸಾಲಿನ ನಡು. ಸಂಬಳದ ಏರಿಕೆಯ ಕ್ರಮದಲ್ಲಿ ಒಂಬತ್ತೂ ಜನರನ್ನು ನಿಲ್ಲಿಸಿ. ಐದನೆಯವನ ಸಂಬಳ 20 ಸಾವಿರ, ಅದೇ ಮಧ್ಯಾಂಕ. ಹಾಜರಿ ಪುಸ್ತಕದ ಕ್ರಮದಲ್ಲಿ ಐದನೆಯವನನ್ನು ಹಿಡಿಯಬೇಡಿ, ನನ್ನ ಹುಡುಗರೆಲ್ಲ ಎಡವುತ್ತಿದ್ದುದು ಅಲ್ಲೇ.

ಈಗ ಮಾಲೀಕರು 38 ಲಕ್ಷ ತೆಗೆದುಕೊಳ್ಳಲಿ. ಸರಾಸರಿ 4 ಲಕ್ಷ 40 ಸಾವಿರಕ್ಕೆ ಹಾರುತ್ತದೆ. ಮಧ್ಯಾಂಕ 20ರಲ್ಲೇ ಕೂತಿರುತ್ತದೆ, ಏಕೆಂದರೆ ಮಾಲೀಕರು ಸಾಲಿನ ಕೊನೆಯವರು ಎಂಬುದಷ್ಟೇ ಅದಕ್ಕೆ ಬೇಕು. ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂದು ಅದು ನೋಡುವುದಿಲ್ಲ. ಆದ್ದರಿಂದ ‘ಹೊರಗುಳಿದ’ ಬೇಡ. ಅವರನ್ನು ಯಾರೂ ಹೊರಗಿಟ್ಟಿಲ್ಲ. ನಿಜವಾಗಿಯೂ ಹೊರಗಿಟ್ಟರೆ ಉಳಿದ ಎಂಟು ಜನರಲ್ಲಿ ನಡುವಿನ ಇಬ್ಬರದು 18 ಮತ್ತು 20, ಮಧ್ಯಾಂಕ 19 ಆಗುತ್ತದೆ. ಸರಾಸರಿಯೋ, 60ರಿಂದ 20ಕ್ಕೆ ಬೀಳುತ್ತದೆ.

ಪಾಂಡವಪುರದ ಕಡೆಯ ಕಬ್ಬು ಬೆಳೆಗಾರರೊಬ್ಬರು:
ನಮಗೆ ಈ ಮಧ್ಯಾಂಕ ಒಗ್ಗುವುದಿಲ್ಲ. ಕಬ್ಬು ಕಡಿಯುವ ತಂಡಕ್ಕೆ ಕೊಡಬೇಕಾದ ಒಟ್ಟು ಕೂಲಿಯನ್ನು ಅದರಿಂದ ಲೆಕ್ಕ ಹಾಕಿದರೆ ಕೈಯಲ್ಲಿ ದುಡ್ಡು ಸಾಲದೆ ಬಂದೀತು.

ಮೇಷ್ಟರು:
ಪ್ರಶ್ನೆ ಅದಲ್ಲದಿದ್ದರೂ ನಿಮ್ಮ ಮಾತು ನಿಜ. ಈ ಕಂಪನಿಯಲ್ಲೇ 20 ಸಾವಿರವನ್ನು ಒಂಬತ್ತರಿಂದ ಗುಣಿಸಿದರೆ 1 ಲಕ್ಷ 80 ಸಾವಿರ. ಖರ್ಚಾಗುವುದು ಅದರ ಮೂರರಷ್ಟು. ಇನ್ನೊಂದು ಕುರುಡೂ ಅದಕ್ಕಿದೆ. 14 ಸಾವಿರದವನಿಗೆ ನಾಳೆ 19 ಕೊಟ್ಟರೂ ಅವನು ನಡುವಿನ ಈಚೆಗೇ ಇರುತ್ತಾನೆ, ಮಧ್ಯಾಂಕ ಅಲುಗುವುದಿಲ್ಲ.

ಪ್ರಶ್ನೆ ಕೇಳಿದವನು:
ಜಾಹೀರಾತಿನಲ್ಲಿ ‘ನಮ್ಮ ಒಂಬತ್ತು ಜನರಲ್ಲಿ ಐವರ ಸಂಬಳ 20,000 ರೂಪಾಯಿ ಅಥವಾ ಹೆಚ್ಚು’ ಎಂದು ಬಿಡಿಸಿ ಬರೆದೆ. ಮಾಲೀಕರು ಇನ್ನೂ ಒಪ್ಪಿಲ್ಲ. ‘ಹೊರಗುಳಿದ’ ಬದಲಿಗೆ ‘ದೂರದ ಅಂಕಿ’ ಎನ್ನಲೇ? ‘ಒಂಟಿ ಅಂಕಿ’ ಚೆನ್ನಾಗಿದೆ, ಆದರೆ ಅಂಥವರು ಇಬ್ಬರಿದ್ದರೆ?