ಪದಚರ್ಚೆ: ಸ್ಕೂಟರ್ ಹಾಳೆಯಲ್ಲಿ ‘ರಿಲೇ’, ‘ಬ್ರಷ್’ಗೆ ಏನು ಬರೆಯಲಿ?

ಸ. ರಾ.:
ನಮಸ್ಕಾರ. ಗ್ಯಾರೇಜೊಂದರ ಗೋಡೆಗೆ ಹಾಕುವ ಹಾಳೆ, ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ವಿಷಯ ಇಷ್ಟೇ: ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಸೆಲ್ಫ್ ಒತ್ತಿದರೆ ಆಗುವುದಿಲ್ಲ. ಹಳೇ ಅನುವಾದದಲ್ಲಿ ರಿಲೇಗೆ ‘ಮರುಪ್ರಸಾರ’, ಬ್ರಷ್‌ಗೆ ‘ಕುಂಚ’ ಅಂತಿದೆ. ಬೇರೆ ಪದ ಇದ್ದರೆ ಬೇಗ ಹೇಳಿ.

ವೆಂ.:
ಮರುಪ್ರಸಾರವನ್ನು ಆಕಾಶವಾಣಿಗೆ ಬಿಡಿ. ಮೋಟಾರಿನ ಬ್ರಷ್ ಮಾಡುವ ಕೆಲಸ ಉಜ್ಜುವುದು. ‘ಉಜ್ಜುಗ’ ಅನ್ನಿ. ನಮ್ಮದೇ ಧಾತು ಇರುವಾಗ ಸಾಲ ಯಾಕೆ?

ಮ. ಹೆ.:
ಉಜ್ಜುಗ ಅಂದರೆ ಉದ್ಯೋಗದ ತದ್ಭವ. ನಿಘಂಟು ತೆರೆದು ನೋಡಿ.

ಗಿ.:
ಬ್ರಷ್ ಅಂತಲೇ ಇರಲಿ. ‘ಸೆಲ್ಫ್ ಒತ್ತಿದಾಗ ಟಕ್ ಶಬ್ದ ಬಂದರೆ ಬ್ಯಾಟರಿ ಸರಿ ಇದೆ, ಬ್ರಷ್ ಬದಲಿಸಿ’ ಎಂದು ಒಂದೇ ಸಾಲು ಹಾಕಿದರೆ ಮುಗಿಯಿತು.

ನಾ.:
ಗಿ. ಅವರೇ, ಆ ಸಾಲು ಹಾಕಿದರೆ ಸುಮ್ನೆ ಬ್ರಷ್ ಮಾರಾಟ ಜಾಸ್ತಿ ಆಗುತ್ತದೆ. ಗಾಡಿ ಸ್ಟಾರ್ಟ್ ಮಾಡುವ ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್ಚೇ ರಿಲೇ, ಅದು ಟಕ್ ಅನ್ನಲು ತುಸು ಕರೆಂಟ್ ಸಾಕು. ಮೋಟಾರ್ ತಿರುಗಿಸಲು ಅದರ ಹತ್ತಾರು ಪಟ್ಟು ಬೇಕು. ಸೊರಗಿದ ಬ್ಯಾಟರಿಯಲ್ಲೂ ಟಕ್ ಬರುತ್ತದೆ.

ಮೊನ್ನೆ ಬಂದ ಗಾಡಿಯನ್ನೇ ಹೇಳುತ್ತೇನೆ. ಬ್ಯಾಟರಿ ಮೇಲೆ ಮೀಟರ್ ಇಟ್ಟೆ, 12.6 ವೋಲ್ಟ್. ಸೆಲ್ಫ್ ಒತ್ತಿದಾಗ 9ಕ್ಕಿಂತ ಕೆಳಗೆ ಕುಸಿದಿದ್ದರೆ ಮೊದಲು ಬ್ಯಾಟರಿಯನ್ನೇ ಅನುಮಾನಿಸುತ್ತಿದ್ದೆ. ಇದು ಟಕ್ ಅಂದಿತು, ಮುಳ್ಳು ಅಲುಗಲೇ ಇಲ್ಲ. ಅಂದರೆ ಮೋಟಾರಿಗೆ ಕರೆಂಟೇ ಹರಿದಿಲ್ಲ. ಮೋಟಾರಿನ ದಪ್ಪ ವೈರಿಗೆ ಮೀಟರ್ ಹಿಡಿದು ಮತ್ತೆ ಒತ್ತಿಸಿದೆ. ಅಲ್ಲಿ 12 ಬಾರದಿದ್ದರೆ ರಿಲೇ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಎಂದರ್ಥ. ಆದರೆ ಬಂತು. ಸ್ಪ್ಯಾನರ್ ಹಿಡಿಯಿಂದ ಮೋಟಾರನ್ನು ಮೆಲ್ಲಗೆ ತಟ್ಟಿದೆ, ಒಮ್ಮೆ ಗರ್ರೆಂದು ತಿರುಗಿತು. ಬಿಚ್ಚಿದರೆ ಬ್ರಷ್ಷಿನ ಕಾರ್ಬನ್ ಸವೆದು ಗಿಡ್ಡವಾಗಿತ್ತು, ಸ್ಪ್ರಿಂಗ್ ಒತ್ತುವಷ್ಟೂ ಉಳಿದಿರಲಿಲ್ಲ.

ಗ್ಯಾರೇಜಿನಲ್ಲಿ ಎಲ್ಲರೂ ‘ಕಾರ್ಬನ್’ ಅಂತಲೇ ಕರೆಯುವುದು. ಅದನ್ನೇ ಹಾಕಿ.

ಪ.:
ನನ್ನ ಗಾಡಿಯಲ್ಲಿ ಕಿಕ್ಕೇ ಇಲ್ಲ, ಸೆಲ್ಫ್ ಒತ್ತಿದರೆ ಟಕ್ಕೂ ಇಲ್ಲ. ಕಾರ್ಬನ್ ಹಾಕಿಸಲಾ?

ನಾ.:
ಬೇಡ. ಬ್ರೇಕ್ ಹಿಡಿದು ಒತ್ತಿದಿರಾ? ಹಿಡಿದಾಗ ಹಿಂದಿನ ಲೈಟ್ ಉರಿಯದಿದ್ದರೆ ಬ್ರೇಕ್ ಸ್ವಿಚ್ ನೋಡಿಸಿ. ಆಮೇಲೆ ಫ್ಯೂಸ್.

ವೆಂ.:
ಕಾರ್ಬನ್ ಎಂದಿನಿಂದ ಕನ್ನಡವಾಯಿತು? ಒಂದು ಸಾಲ ತೀರಿಸಲು ಇನ್ನೊಂದು ಸಾಲ. ‘ಉಜ್ಜುಕ’ ಅನ್ನಿ, ತದ್ಭವದ ತಂಟೆಯೂ ಇರುವುದಿಲ್ಲ.

ಮ. ಹೆ.:
ಹಳೇ ಮೋಟಾರುಗಳಲ್ಲಿ ಅದು ನಿಜಕ್ಕೂ ತಾಮ್ರದ ತಂತಿಯ ಕಂತೆ, ಬ್ರಷ್ ಹೆಸರು ಬಂದದ್ದು ಅದರಿಂದ. ಈಗ ಬರೀ ತುಂಡು. ಇಂಗ್ಲಿಷಿನವರು ಹೆಸರು ಬದಲಿಸಲಿಲ್ಲ, ನೀವ್ಯಾಕೆ ಒದ್ದಾಡುತ್ತೀರಿ?

ವೆಂ.:
ಅವರು ಬದಲಿಸಲಿಲ್ಲ ಅಂತ ನಾವೂ ಸುಮ್ಮನಿರಬೇಕಾ? ‘ಬಸ್ಸು’ ಬಿಟ್ಟುಕೊಟ್ಟದ್ದೇ ಸಾಕು.

ಸ. ರಾ.:
‘ರಿಲೇ’, ‘ಕಾರ್ಬನ್ ಬ್ರಷ್’ ಎಂದು ಹಾಕಿ ಕೊಟ್ಟೆ. ನಾ. ಅವರ ಮೀಟರ್ ಕ್ರಮವನ್ನೂ ಸೇರಿಸಿದ್ದೇನೆ. ‘ಸೆಲ್ಫ್’ ಬಗ್ಗೆ ಯಾರೂ ಕೇಳಬೇಡಿ.

ವೆಂ.:
‘ಸೆಲ್ಫ್’ಗೆ ನನ್ನ ಹತ್ತಿರ ಪದ ಇದೆ. ಪ್ರತ್ಯೇಕ ಎಳೆ ತೆರೆಯುತ್ತೇನೆ.