8ನೇ ಸ್ಲ್ಯಾಬ್ ಬಿದ್ದಿಲ್ಲ, ಡಿಮ್ಯಾಂಡ್ ಲೆಟರ್ ಬಂದಿದೆ

ಕೇಳಿದವರು: ಬೆಂಗಳೂರು, 80 ಲಕ್ಷದ ಫ್ಲ್ಯಾಟ್. ಅಗ್ರಿಮೆಂಟಲ್ಲಿ ‘8ನೇ ಸ್ಲ್ಯಾಬ್ ಮುಗಿದ ಮೇಲೆ ಶೇ 10’ ಅಂತಿದೆ. ನಮ್ಮ ಲೆಕ್ಕದಲ್ಲಿ 7ನೆಯದಕ್ಕೇ ಇನ್ನೂ ಸೆಂಟ್ರಿಂಗ್ ಹೊಡೀತಿದಾರೆ. 15 ದಿನದಲ್ಲಿ ಕಟ್ಟಿ ಅಂತ ಲೆಟರ್. ಏನಂತ ಉತ್ತರ ಬರೀಲಿ?

ಕೆಂಪುಇಟ್ಟಿಗೆ: ಉತ್ತರ ಯಾಕ್ರೀ? ಸುಮ್ನಿರಿ. ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಪ್ರಕಾರ ಶೇ 10ಕ್ಕಿಂತ ಜಾಸ್ತಿ ಕೇಳೋ ಹಾಗೇ ಇಲ್ಲ.

ಕಡತದವ: ಇಂಥ ಸಲಹೆ ಕೇಳಿಯೇ ಜನ ಬಡ್ಡಿ ಕಟ್ಟೋದು. ಸೆಕ್ಷನ್ 13ರ ಆ ಮಿತಿ ಅಗ್ರಿಮೆಂಟ್ ರಿಜಿಸ್ಟರ್ ಆಗೋ ಮುಂಚೆ ಪಡೆಯೋ ದುಡ್ಡಿಗೆ ಮಾತ್ರ. ಇವರದು ಆಗಿದೆ ಅಂದ್ಕೊಂಡಿದೀನಿ. ಸುಮ್ಮನಿದ್ದರೆ ನೀವೇ ಡಿಫಾಲ್ಟ್ ಅಂತ ಕಾಗದದಲ್ಲಿ ಕೂರುತ್ತೆ, ಬಡ್ಡಿ ಅಂದ್ರೆ ಎಸ್‌ಬಿಐ ಸಾಲದ ಮೂಲದರ ಎಂಸಿಎಲ್‌ಆರ್, ಅದರ ಮೇಲೆ ಇನ್ನೂ ಶೇ 2. ಗಡುವಿನೊಳಗೆ ಇಮೇಲ್ ಮಾಡಿ, ಅದೇ ಪ್ರತಿಯನ್ನ ಸ್ಪೀಡ್ ಪೋಸ್ಟಲ್ಲೂ ಕಳಿಸಿ. ಒಕ್ಕಣೆ ಹೀಗಿರಲಿ:

‘ನಿಮ್ಮ ಇಂಥ ತಾರೀಕಿನ ಪತ್ರ ತಲುಪಿದೆ. ಪಾವತಿ ಷೆಡ್ಯೂಲ್ ಪ್ರಕಾರ ಈ ಕಂತು 8ನೇ ಸ್ಲ್ಯಾಬ್ ಮುಗಿದ ಮೇಲೆ. ಇಂದು ಸೈಟಲ್ಲಿ ಸೆಂಟ್ರಿಂಗ್ ಮಾತ್ರ ಇದೆ, ಫೋಟೊ ಲಗತ್ತಿಸಿದೆ. ಆರ್ಕಿಟೆಕ್ಟ್ ಸರ್ಟಿಫಿಕೇಟ್ ಮತ್ತು ಕಾಂಕ್ರೀಟ್ ಹಾಕಿದ ದಿನಾಂಕ ಕಳಿಸಿ. ಅವು ತಲುಪಿದ 15 ದಿನದೊಳಗೆ ಕಟ್ಟುತ್ತೇವೆ. ಅಲ್ಲಿವರೆಗೆ ಬಡ್ಡಿ ಒಪ್ಪುವುದಿಲ್ಲ.’

‘ಕಟ್ಟಲ್ಲ’ ಅನ್ನೋ ಪದ ಎಲ್ಲೂ ಬೇಡ. ದಿನಾಂಕದ ಬಗ್ಗೆ ಅನುಮಾನ ಬಂದರೆ ಕಾಂಕ್ರೀಟ್ ಗಟ್ಟಿತನ ನೋಡೋ 7 ದಿನದ ಕ್ಯೂಬ್ ಟೆಸ್ಟ್ ವರದಿ ಕೇಳಿ. ಕ್ಯೂಬ್ ಎರೆಯೋದು ಕಾಂಕ್ರೀಟ್ ಹಾಕಿದ ದಿನವೇ, ತಾರೀಕು ಅದರಲ್ಲೇ ಇರುತ್ತೆ.

ನಾಕನೇಮಹಡಿ: ಬ್ಯಾಂಕಿನವರು ಸೈಟ್ ನೋಡಿಯೇ ದುಡ್ಡು ಬಿಡ್ತಾರೆ ಅಂತ ನಂಬಿದ್ದೆ. ಡಿಮ್ಯಾಂಡ್ ಲೆಟರ್ ನೋಡಿ ಬಿಟ್ಟರು. 8 ಲಕ್ಷಕ್ಕೆ ಶೇ 8.5ರಂತೆ ತಿಂಗಳಿಗೆ ಸುಮಾರು 5,670 ರೂಪಾಯಿ ಪ್ರೀ-ಇಎಂಐ, ಅಂದ್ರೆ ಬರೀ ಬಡ್ಡಿ, ಸ್ಲ್ಯಾಬ್ ಬಿದ್ದಿದ್ದು ಐದು ತಿಂಗಳಿಗೆ. ಜಿಎಸ್‌ಟಿ 40,000 ಕೈಯಿಂದ. ಲೋನ್ ಇದ್ದರೆ ಬ್ಯಾಂಕಿಗೂ ಇವತ್ತೇ ಬರೀರಿ: ನನ್ನ ಲಿಖಿತ ಒಪ್ಪಿಗೆ ಇಲ್ದೆ ಈ ಕಂತು ಬಿಡಬೇಡಿ ಅಂತ.

ಮೇಸ್ತ್ರಿಮಗ: ಸಿಮೆಂಟು, ಕಂಬಿ ರೇಟು ಏರಿದಾಗ ಮುಂಗಡ ಕೇಳೋದು ತಪ್ಪೇನು? ನಮ್ಮ ಸೈಟಿನ ಮನೆಗೆ ಓನರ್ ಮೋಲ್ಡ್‌ಗೆ ಮುಂಚೇನೇ ಕೊಡ್ತಾರೆ.

ಕಡತದವ: ಅದು ಸ್ವಂತ ಸೈಟಿನ ಕಂಟ್ರಾಕ್ಟು ಸ್ವಾಮಿ, ಜಾಗ ಓನರ್‌ದು. ಇಲ್ಲಿ ಜಾಗವೂ ಬಿಲ್ಡರ್ ಹತ್ರ, ದುಡ್ಡೂ ಬಿಲ್ಡರ್ ಹತ್ರ.

ಮೇಸ್ತ್ರಿಮಗ: ಕಾಗದ ಓದೋರಿಗೆ ಕಂಬಿ ಕಟ್ಟೋ ಕಷ್ಟ ಗೊತ್ತಾಗಲ್ಲ ಬಿಡಿ. ಆದ್ರೆ ಒಂದು ಕೇಳ್ತೀನಿ. ಬೇಸ್‌ಮೆಂಟ್ ಇದೆಯಾ? ಇದ್ದರೆ ಅದರ ಚಾವಣಿಯನ್ನೇ ಬಿಲ್ಡರ್ 1ನೇ ಸ್ಲ್ಯಾಬ್ ಅಂತಾರೆ. ನಿಮ್ಮ 7, ಅವರ 8.

ಕೇಳಿದವರು: ಇದೆ! ಅಗ್ರಿಮೆಂಟಲ್ಲಿ ಎಲ್ಲಿಂದ ಎಣಿಸಬೇಕು ಅಂತ ಬರೆದೇ ಇಲ್ಲ.

ಕಡತದವ: ಈ ಮಾತು ಒಪ್ಪಿದೆ. ಆದರೂ ಅವರ ಲೆಕ್ಕದಲ್ಲೇ ಎಣಿಸಿದರೂ ಈಗ ಇರೋದು ಸೆಂಟ್ರಿಂಗ್, ಕಾಂಕ್ರೀಟ್ ಅಲ್ಲ. ಷೆಡ್ಯೂಲಲ್ಲಿರೋದು ‘ಮುಗಿದ ಮೇಲೆ’. ‘ಶುರುವಾದಾಗ’ ಅಂತಿದ್ದಿದ್ದರೆ ವಾದ ಅವರ ಕಡೆ ವಾಲ್ತಿತ್ತು. ಪತ್ರದಲ್ಲಿ ಎಣಿಕೆ ಜಗಳ ಎತ್ತಬೇಡಿ, ‘8ನೇ ಸ್ಲ್ಯಾಬ್ ಯಾವುದು, ನಕ್ಷೆಯಲ್ಲಿ ಗುರುತಿಸಿ ಕೊಡಿ’ ಅಂತ ಒಂದು ಸಾಲು ಸೇರಿಸಿ.

ಕೆಂಪುಇಟ್ಟಿಗೆ: ಹಾಗೆ ಕೇಳಿದ್ರೆ ಅವರ ಎಣಿಕೆ ಒಪ್ಪಿಕೊಂಡ ಹಾಗಲ್ವಾ?

ಕಡತದವ: ಕೇಳೋದು ಒಪ್ಪೋದು ಒಂದೇನಾ?

ನಾಕನೇಮಹಡಿ: ನಮ್ಮ ಬಿಲ್ಡರ್ ಒಂದೇ ಅಂದಿದ್ರು.